ಗೋಡೆಗೆ ಅಂಟಿಸಿದ ಸಾರಾಂಶ

ಮಧುಗಿರಿಯಲ್ಲಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ಅದು ಕೊನೆಗೆ ಬಂದು ಬೀಳುತ್ತಿದ್ದುದು ಚಂದ್ರಶೇಖರಯ್ಯ ಮೇಷ್ಟ್ರ ಜಗಲಿಗೆ. ಆಂಗ್ಲೋ ವರ್ನಾಕ್ಯುಲರ್ ಸ್ಕೂಲಿನಿಂದ ಪೆನ್ಷನ್ ಆದ ಮೇಲೆ ಅವರಿಗೂ ಬೇರೆ ಕೆಲಸವಿರಲಿಲ್ಲ. ಕೋರ್ಟಿನ ನೋಟೀಸು, ಸೈನ್ಯಕ್ಕೆ ಸೇರಿದ ಹುಡುಗರ ಕಡೆಯಿಂದ ಬಂದ ಕಾಗದ, ಯಂತ್ರದ ಕಂಪನಿಯ ಬಿಲ್ಲು, ಏನೇ ಇರಲಿ, ಕನ್ನಡಕ ಏರಿಸಿ ಓದಿ, ನಾಲ್ಕು ಮಾತಿನಲ್ಲಿ ಅರ್ಥ ಹೇಳಿ ಕಳಿಸುತ್ತಿದ್ದರು. ಆ ನಾಲ್ಕು ಮಾತಿನ ಬಗ್ಗೆ ಅವರಿಗೆ ಬಹಳ ಅಭಿಮಾನ. ಮೂವತ್ತು ವರ್ಷ ಮಕ್ಕಳಿಗೆ ಸಾರಾಂಶ ಬರೆಯುವುದನ್ನು ಕಲಿಸಿದ್ದವರು, ಉದ್ದುದ್ದ ಬರೆದವನ ಕೈಗೆ ಬೆತ್ತದ ರುಚಿ ತೋರಿಸಿದ್ದವರು.

ಎಣ್ಣೆ ಮಿಲ್ಲಿನ ಆಫೀಸು ನೋಡಿಕೊಳ್ಳುತ್ತಿದ್ದ ಅಡವಯ್ಯ ಒಂದು ದಿನ ಬೆಂಕಿ ವಿಮೆಯ ಪಾಲಿಸಿ ಹಿಡಿದುಕೊಂಡು ಬಂದಿದ್ದು ಹಾಗೆಯೇ. ಬೊಂಬಾಯಿ ಕಂಪನಿಯದು. ಸಾಸಿವೆ ಕಾಳಿನಂಥ ಅಕ್ಷರ, ಹಿಂದೆ ಮುಂದೆ ತುಂಬಿದ್ದ ಕರಾರುಗಳು. "ಮೇಷ್ಟ್ರೇ, ಇದರಾಗೆ ಏನಕ್ಕೆ ದುಡ್ಡು ಬತ್ತೈತೆ, ಏನಕ್ಕೆ ಬರಾಕಿಲ್ಲ, ಬೆಂಕಿ ಬಿದ್ರೆ ನಾನು ಮೊದ್ಲು ಏನ್ ಮಾಡ್ಬೇಕು, ಇಷ್ಟನ್ನ ಒಂದು ಹಾಳೆಗೆ ಇಳ್ಸಿ ಕೊಡ್ರಿ. ಗೋಡೆಗೆ ಅಂಟಿಸ್ಕಂತೀನಿ" ಅಂದ.

ಮೇಷ್ಟ್ರು ಎರಡು ದಿನ ಕೂತು ಇಳಿಸಿದರು. ಕಟ್ಟಡಕ್ಕೆ ಇಷ್ಟು, ಇಂಜಿನ್ನು ಗಾಣಗಳಿಗೆ ಇಷ್ಟು, ದಾಸ್ತಾನಿಗೆ ಇಷ್ಟು, ಅದಕ್ಕಿಂತ ಹೆಚ್ಚು ಕಂಪನಿ ಕೊಡುವುದಿಲ್ಲ. ದಾಸ್ತಾನು ಪಾಲಿಸಿಯ ಪಟ್ಟಿಯಲ್ಲಿ ಹೇಳಿದ ಗೋಡೌನಿನಲ್ಲೇ ಇರಬೇಕು. ದಂಗೆ, ಯುದ್ಧ, ಭೂಕಂಪದಿಂದ ಆದ ನಷ್ಟಕ್ಕೆ ಪರಿಹಾರವಿಲ್ಲ. ತಾನಾಗಿ ಹತ್ತಿದ ಬೆಂಕಿಗೆ ಪರಿಹಾರವಿಲ್ಲ. ಆಳುಗಳ ಅಜಾಗ್ರತೆಯಿಂದ ಬಿದ್ದ ಬೆಂಕಿಗೆ ಉಂಟು. ಬೆಂಕಿ ಬಿದ್ದ ಕೂಡಲೇ ತಂತಿ ಕೊಡಬೇಕು, ಹದಿನೈದು ದಿನದೊಳಗೆ ನಷ್ಟದ ವಿವರವನ್ನು ಬರೆದು ಕಳಿಸಬೇಕು, ನಷ್ಟ ಅಳೆಯುವ ಕಂಪನಿಯ ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಜಾಗದಲ್ಲಿ ಏನನ್ನೂ ಕದಲಿಸಕೂಡದು. ಹಾಳೆ ನೋಡಿ ಅಡವಯ್ಯ ಕೈಮುಗಿದ. ಮೇಷ್ಟ್ರಿಗೂ ಖುಷಿಯಾಯಿತು, ಮನೆಯಾಕೆ ಸರ್ವಮಂಗಳಾ ಮುಂದೆ ಎರಡು ಸಲ ಓದಿ ಹೇಳಿದರು.

ಕಡಲೆಕಾಯಿ ಸುಗ್ಗಿ ಮುಗಿದು ಗಾಣಗಳು ಬಿಡುವಿಲ್ಲದೆ ತಿರುಗುತ್ತಿದ್ದ ಕಾಲ. ಅಂಥ ಕಾಲದಲ್ಲಿ ಬಾರದ ಮಳೆ ಬಂತು. ಗೋಡೌನಿನ ಹೆಂಚು ಸೋರಿ, ಎಣ್ಣೆ ತೆಗೆದ ಹಿಂಡಿಯ ಮೂಟೆಗಳು ನೆನೆದವು. ಒಣಗಿಸಲು ಪುರುಸೊತ್ತಿಲ್ಲದೆ ಅದರ ಮೇಲೆಯೇ ಹೊಸ ಮೂಟೆ ಪೇರಿಸಿದರು. ಕೆಲವು ದಿನಗಳ ಮೇಲೆ, ಒಂದು ಬೆಳಗ್ಗೆ, ಬೆಟ್ಟದ ಬುಡದ ಮಿಲ್ಲಿನಿಂದ ಹೊಗೆ ಎದ್ದಿದ್ದನ್ನು ಊರೆಲ್ಲ ನೋಡಿತು. ಕೊಡಗಳಲ್ಲಿ ನೀರು ಹೊತ್ತು ಓಡಿದರು. ಇಂಜಿನ್ ಮನೆ ಉಳಿಯಿತು. ಗೋಡೌನಿನ ಮಾಡು, ಕಡಲೆಬೀಜದ ಚೀಲಗಳು, ಎಣ್ಣೆ ಡಬ್ಬಗಳು ಹೋದವು.

ಅಡವಯ್ಯ ಗೋಡೆಯ ಹಾಳೆ ನೋಡಿಕೊಂಡು ಒಂದೂ ತಪ್ಪದೆ ನಡೆದ. ತಂತಿ ಕೊಟ್ಟ. ಬೂದಿ ಗುಡಿಸಿ ತೆಗೆದು ಶಾಂತಿ ಮಾಡಿಸಬೇಕು ಎಂದು ಮಿಲ್ಲಿನ ಮಾಲೀಕರಾದ ಸಾಹುಕಾರರ ಮನೆಯ ಹೆಂಗಸರು ಹೇಳಿಕಳಿಸಿದರೂ, "ಸರ್ವೇಯರ್ ಬರೋಗಂಟ ಒಂದು ಕಡ್ಡೀನೂ ಮುಟ್ಟಾಕಿಲ್ಲ" ಎಂದು ಅಡ್ಡ ನಿಂತ. ಮೇಷ್ಟ್ರಿಗೆ ಇದು ಕಿವಿಗೆ ಬಿದ್ದಾಗ, ಇಂಥ ದುಃಖದಲ್ಲೂ, ತಮ್ಮ ಹಾಳೆ ಕೆಲಸಕ್ಕೆ ಬಂತಲ್ಲ ಎಂದು ಒಳಗೊಳಗೇ ಉಬ್ಬಿದರು.

ನಷ್ಟದ ವಿವರ ಬರೆದುಕೊಡಲು ಕರೆಸಿದಾಗ ಮಿಲ್ಲಿಗೆ ಹೋದರು. ಗೇಟಿನ ಹೊರಗೆ ಕಡಲೆಕಾಯಿ ಸುಲಿಯುವ ಹೆಂಗಸರು, ಮೂಟೆ ಹೊರುವವರು ಸುಮ್ಮನೆ ಕೂತಿದ್ದರು. ಮಿಲ್ಲು ನಿಂತು ಕೂಲಿ ಹೋಗಿತ್ತು. ಯಾರೋ ಕ್ಯಾಕರಿಸಿ ಉಗಿದು, "ಅವ್ನ ಕೈ ಸೇದೋಗ, ನಮ್ಮೆಲ್ರ ಅನ್ನಕ್ಕೆ ಬೆಂಕಿ ಇಕ್ಬುಟ್ಟ" ಅಂದರು. ಯಾರನ್ನು ಅನ್ನುತ್ತಿದ್ದಾರೆ ಎಂದು ಮೇಷ್ಟ್ರಿಗೆ ಆಗ ತಿಳಿಯಲಿಲ್ಲ.

ಒಳಗೆ ಅಡವಯ್ಯ ಕಾವಲುಗಾರ ತಿಮ್ಮರಾಯಪ್ಪನನ್ನು ನಿಲ್ಲಿಸಿಕೊಂಡಿದ್ದ. "ಬೆಂಕಿ ಹೆಂಗಾಯ್ತು ಅಂತ ಇವನೇ ಹೇಳ್ತಾನೆ, ಬರಕಳ್ರಿ ಮೇಷ್ಟ್ರೇ."

ತಿಮ್ಮರಾಯಪ್ಪ ನೆಲ ನೋಡುತ್ತಾ ಹೇಳಿದ. "ನಾನೇ ಬುದ್ಧಿ. ಗೋಡೌನ್ ತಾವ ಬೀಡಿ ಸೇದಿ ಬಿಸಾಕ್ದೆ. ಆರಿತ್ತು ಅನ್ಕಂಡೆ. ಆರಿರ್ಲಿಲ್ಲ."

ಪಾಠ ಒಪ್ಪಿಸುವ ಹುಡುಗನ ದನಿಯನ್ನು ಮೇಷ್ಟ್ರು ಜೀವಮಾನವೆಲ್ಲ ಕೇಳಿದ್ದವರು. "ನೀನು ಬೀಡಿ ಸೇದೋದು ಗೇಟಿನ ಆಚೆ ಹುಣಿಸೆಮರದ ಕೆಳಗಲ್ಲವೇನಯ್ಯ?" ಎಂದರು. ತಿಮ್ಮರಾಯಪ್ಪ ಅಡವಯ್ಯನ ಕಡೆ ಒಂದು ಸಲ ನೋಡಿ, ಮತ್ತೆ ನೆಲ ನೋಡಿದ.

ಅವನನ್ನು ಹೊರಗೆ ಕಳಿಸಿದ ಮೇಲೆ ಅಡವಯ್ಯ ಬಾಗಿಲು ಮುಂದೆ ಮಾಡಿದ. ಕೆಟ್ಟವನಲ್ಲ ಅವನು, ಹೆದರಿದ್ದ. "ನಿಮ್ತಾವ ಮುಚ್ಚುಮರೆ ಏನು ಮೇಷ್ಟ್ರೇ. ನೆಂದಿದ್ದ ಹಿಂಡಿ ಕಾವೇರಿ ಒಳಗೇ ಹತ್ಕಂಡೈತೆ. ಹಿಂದಿನ ದಿನಾನೇ ಘಾಟು ಬತ್ತಿತ್ತು, ಮೂಟೆ ಮುಟ್ಟಿದ್ರೆ ಸುಡ್ತಿತ್ತು. ನಾನೇ ನಾಳೆ ನೋಡಾನ ಬುಡು ಅಂದಿದ್ದೆ. ಆದ್ರೆ ನೀವೇ ಬರ್ದೀರಲ್ಲ, ತಾನಾಗಿ ಹತ್ತಿದ್ರೆ ಒಂದು ಕಾಸೂ ಇಲ್ಲ ಅಂತ. ಆಳಿನ ಅಜಾಗ್ರತೆ ಆದ್ರೆ ಉಂಟು ಅಂತಾನೂ ಬರ್ದೀರಿ. ದುಡ್ಡು ಬರ್ದಿದ್ರೆ ಮಿಲ್ಲು ಮತ್ತೆ ಏಳಾಕಿಲ್ಲ. ಅದಕ್ಕೆ ಅವನ್ನ ಕೇಳ್ಕಂಡೆ. ಸಾಹುಕಾರ್ರು ಅವನ ಕೈ ಬುಡಾಕಿಲ್ಲ ಅಂತ ಹೇಳವ್ರೆ. ಅವನೂ ಹೂಂ ಅಂದ."

"ಹೂಂ ಅನ್ನದೆ ಇನ್ನೇನು ಅನ್ನುತ್ತಾನೆ?" ಎಂದರು ಮೇಷ್ಟ್ರು. ಅವರ ಕಣ್ಣು ಗೋಡೆಯ ಮೇಲಿನ ತಮ್ಮದೇ ಮುದ್ದಾದ ಅಕ್ಷರದ ಮೇಲಿತ್ತು. ತಿಮ್ಮರಾಯಪ್ಪನಿಗೆ ಏನು ಹೇಳಬೇಕೆಂದು ಹೇಳಿಕೊಟ್ಟಿದ್ದು ಆ ಅಕ್ಷರವೇ. ವಿವರವನ್ನು ನಾಳೆ ಬರೆಯುತ್ತೇನೆ ಎಂದು ಹೇಳಿ, ಮೂಲ ಪಾಲಿಸಿಯನ್ನು ಕೇಳಿ ತೆಗೆದುಕೊಂಡು ಹೊರಟರು.

ಗೇಟಿನಿಂದ ಕೂಗಳತೆಯಲ್ಲಿದ್ದ ಸೇದುವ ಬಾವಿಯ ಹತ್ತಿರ ತಿಮ್ಮರಾಯಪ್ಪನ ಹೆಂಡತಿ ಹನುಮಕ್ಕ ಖಾಲಿ ಕೊಡ ಇಟ್ಟುಕೊಂಡು ಬೇರೆಯವರಿಂದ ದೂರ ನಿಂತಿದ್ದಳು. ಬೆಂಕಿ ಬಿದ್ದ ಮೇಲೆ, ಉಳಿದ ಹೆಂಗಸರು ಸೇದಿಕೊಂಡು ಹೋಗುವವರೆಗೆ ಅವಳು ಬಾವಿಗೆ ಹಗ್ಗ ಬಿಡುವಂತಿರಲಿಲ್ಲ. ಮೇಷ್ಟ್ರನ್ನು ಕಂಡು ಸೆರಗು ಹೊದ್ದು ಹತ್ತಿರ ಬಂದಳು.

"ನೀವು ಓದ್ದೋರು, ಹೇಳ್ರಿ. ಆವಯ್ಯ ಒಳಗೆ ಬೀಡಿ ಸೇದೋನಲ್ಲ. ನನ್ತಾವಾನೂ ನಾನೇ ಕಣಮ್ಮಿ ಅಂತಾನೆ. ಇಷ್ಟು ವರ್ಷ ಸಂಸಾರ ಮಾಡಿವ್ನಿ, ನಂಗೆ ಗೊತ್ತಾಗಾಕಿಲ್ವ? ಊರೋರು ಮಿಲ್ ಸುಟ್ಟೋನು ಅಂತಾರೆ. ನಾಳೆ ಸತ್ರೂ ಹಂಗೇ ಅಂತಾರೆ, ಅಲ್ವ?"

ಮೇಷ್ಟ್ರು ಪಾಲಿಸಿಯನ್ನು ಕಂಕುಳಿಗೆ ಒತ್ತಿಕೊಂಡು ಬೇಗ ಹೆಜ್ಜೆ ಹಾಕಿದರು. ಮನೆಗೆ ಬಂದವರು ಊಟಕ್ಕೂ ಏಳದೆ ಪಾಲಿಸಿ ಬಿಚ್ಚಿ ಕೂತರು. ಹೋದ ಸಲ ಓದಿದ್ದು ಚಿಕ್ಕದು ಮಾಡುವುದಕ್ಕೆ. ಈ ಸಲ ಪದ ಪದಕ್ಕೂ ಬೆರಳಿಟ್ಟು ಓದಿದರು. ಕರಾರು ಸಿಕ್ಕಿತು. ಅದರಲ್ಲಿದ್ದುದು ಇಷ್ಟು: ಯಾವ ಮಾಲು ತನ್ನೊಳಗಿನ ಕಾವಿನಿಂದ ತಾನೇ ಹತ್ತಿಕೊಂಡು ಹಾಳಾಯಿತೋ, ಆ ಮಾಲಿನ ನಷ್ಟವನ್ನು ಕಂಪನಿ ತುಂಬುವುದಿಲ್ಲ. ಆ ಮಾಲು, ಅಷ್ಟೇ. ಅದರಿಂದ ಬೆಂಕಿ ಹಬ್ಬಿ ಸುಟ್ಟ ಬೇರೆ ಮಾಲು, ಸುಟ್ಟ ಕಟ್ಟಡ, ಅವುಗಳನ್ನು ಈ ಕರಾರು ಹೊರಗಿಡುತ್ತಿರಲಿಲ್ಲ. ಹೋಗುವುದು ನೆನೆದ ಹಿಂಡಿಯ ರಾಶಿ ಮಾತ್ರ. ಮೇಷ್ಟ್ರು ಅದನ್ನು ನಾಲ್ಕು ಪದಕ್ಕೆ ಇಳಿಸುವಾಗ ಒಂದು ಗೋಡೌನನ್ನೇ ಅದರೊಳಗೆ ಸೇರಿಸಿಬಿಟ್ಟಿದ್ದರು.

ಇನ್ನೂ ಕೆಳಗೆ ಮತ್ತೊಂದು ಕರಾರಿತ್ತು. ಪರಿಹಾರಕ್ಕಾಗಿ ಸುಳ್ಳು ಹೇಳಿದರೆ ಪಾಲಿಸಿಯಿಂದ ಬರಬೇಕಾದ್ದೆಲ್ಲ ಮುಟ್ಟುಗೋಲು. ಇದನ್ನು ಅವರು ಮೊದಲ ಸಲವೂ ಓದಿದ್ದರು, ಅರ್ಥವೂ ಆಗಿತ್ತು. ಸಾಹುಕಾರರ ಆಫೀಸಿನ ಗೋಡೆಗೆ ಸುಳ್ಳು ಹೇಳಬೇಡಿ ಎಂದು ಬರೆದು ಅಂಟಿಸುವುದು ಮರ್ಯಾದೆಯಲ್ಲ ಎಂದು ಬಿಟ್ಟಿದ್ದರು. ದೊಡ್ಡವರ ಮರ್ಯಾದೆ ಕಾಯಲು ಹೋಗಿ ಬಡವನ ಮರ್ಯಾದೆ ಕಳೆದೆನಲ್ಲ ಎಂದು ಅವರಿಗೆ ಅಳು ಬಂತು. ಸರ್ವಮಂಗಳಾ ತಟ್ಟೆ ತಂದು ಮುಂದಿಟ್ಟು, ಪಕ್ಕದಲ್ಲಿ ಕೂತಳು.

ಬೆಳಗ್ಗೆ ಅಡವಯ್ಯನಿಗೆ ಎರಡು ಕರಾರನ್ನೂ ಒಂದಕ್ಷರ ಬಿಡದೆ ಓದಿ ಅರ್ಥ ಹೇಳಿದರು. "ತಪ್ಪು ನನ್ನದು, ಅಡವಯ್ಯ. ನಿಜ ಹೇಳಿದರೆ ಹಿಂಡಿಯ ದುಡ್ಡು ಹೋಗುತ್ತೆ, ಸುಳ್ಳು ಹೇಳಿದರೆ ಎಲ್ಲಾ ಹೋಗುತ್ತೆ. ದುಡ್ಡಿನ ಮಾತು ಹಾಗಿರಲಿ, ಆ ಮನುಷ್ಯನ ಗತಿ ಏನು?"

ಅಡವಯ್ಯ ಸಾಹುಕಾರರ ಮನೆಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದು, "ಇದ್ದದ್ದು ಇದ್ದಂಗೆ ಬರೀರಿ ಅಂದ್ರು" ಎಂದ. ಮೇಷ್ಟ್ರು ಬರೆದರು. ಮಳೆ, ಸೋರಿದ ಹೆಂಚು, ನೆನೆದ ಮೂಟೆ, ಹಿಂದಿನ ದಿನದ ಘಾಟು, ಎಲ್ಲವೂ ಬಂತು.

ಬೆಂಗಳೂರಿನಿಂದ ಬಂದ ಸರ್ವೇಯರ್ ಕಡಿಮೆ ಮಾತಿನವರು. ಕಾಗದ ಓದಿಕೊಂಡು, ಹಿಂಡಿಯ ರಾಶಿಯನ್ನು ಅಗೆಸಿದರು. ಮೇಲಿನ ಮೂಟೆಗಳ ಅಂಚು ಅಲ್ಲಲ್ಲಿ ಉಳಿದಿತ್ತು, ಅಗೆದಷ್ಟೂ ಒಳಗೆ ಕಲ್ಲಿದ್ದಲಿನಂತೆ ಕಪ್ಪಗಿತ್ತು. ಇದು ಒಳಗಿನಿಂದ ಹತ್ತಿದ್ದು ಎಂದು ಬರೆದುಕೊಂಡರು. ಬೂದಿ ಗುಡಿಸಿ ತೆಗೆದಿದ್ದರೆ ಈ ಸಾಕ್ಷಿಯೂ ಇರುತ್ತಿರಲಿಲ್ಲ. ಆಮೇಲೆ ಕಾವಲುಗಾರ ಯಾರೆಂದು ಕೇಳಿದರು.

ತಿಮ್ಮರಾಯಪ್ಪ ಮುಂದೆ ಬಂದು ಕೈಕಟ್ಟಿದ. "ನಾನೇ ಬುದ್ಧಿ. ಬೀಡಿ..." ಎಂದು ಶುರು ಮಾಡಿಯೇಬಿಟ್ಟ. ಅವನಿಗೆ ಯಾರೂ ಬೇಡವೆಂದು ಹೇಳಿರಲಿಲ್ಲ. ಎಲ್ಲರೂ ಕಾಗದದ ಗಡಿಬಿಡಿಯಲ್ಲಿ ಅವನನ್ನೇ ಮರೆತಿದ್ದರು.

ಅಡವಯ್ಯನೇ ಹೋಗಿ ಅವನ ಭುಜ ಹಿಡಿದ. "ಬೇಡ ಕಣಪ್ಪಾ. ಇನ್ನು ಹೇಳ್ಬೇಡ. ನೀನಲ್ಲ." ಸರ್ವೇಯರಿಗೆ ತಾನು ಮಾಡಿಸಿದ್ದನ್ನು ಹೇಳಿದ. ಅವರು ಅವನನ್ನು ದಿಟ್ಟಿಸಿ ನೋಡಿ, ಬರೆದುಕೊಟ್ಟ ಕಾಗದದಲ್ಲಿ ಬೀಡಿಯ ಸುಳ್ಳು ಇಲ್ಲದ್ದರಿಂದ ಉಳಿದುಕೊಂಡಿರಿ ಎಂದರು.

ಹಿಂಡಿಯೊಂದನ್ನು ಬಿಟ್ಟು ಉಳಿದದ್ದಕ್ಕೆ ಕಂಪನಿ ಒಪ್ಪಿತು. ಮೇಷ್ಟ್ರು ಹಳೆಯ ಹಾಳೆ ಕಿತ್ತು, ಹೊಸದಾಗಿ ಬರೆದರು. ಈ ಸಲ ಮೂರು ಹಾಳೆಯಾಯಿತು. ಹುಡುಗರು ಹೀಗೆ ಬರೆದಿದ್ದರೆ ಹಿಂದೆ ಅವರೇ ಹೊಡೆಯುತ್ತಿದ್ದರು. ಅದನ್ನು ಅಂಟಿಸಲು ಹೋದಾಗ ತಿಮ್ಮರಾಯಪ್ಪ ಬಾಗಿಲಲ್ಲಿ ನಿಂತಿದ್ದ.

"ಬುದ್ಧಿ, ಕೂಲಿಯೋರೆಲ್ಲ ಗೇಟ್ನಾಗವ್ರೆ. ಅದನ್ನ ಅಲ್ಲಿ ಒಂದು ಕಿತ ಓದ್ತೀರಾ?"

ಮೇಷ್ಟ್ರು ಗೇಟಿಗೆ ಹೋಗಿ, ಹುಣಿಸೆಮರದ ಕೆಳಗೆ ನಿಂತು ಓದಿದರು. ತನ್ನೊಳಗಿನ ಕಾವಿನಿಂದ ಹತ್ತಿಕೊಂಡ ಮಾಲಿನ ಕರಾರು ಬಂತು. ಜನ ಕೇಳಿದರು. ತಿಮ್ಮರಾಯಪ್ಪ ಕೊನೆಯವರೆಗೆ ಕಾದು ಕೇಳಿದ: "ಅದ್ರಾಗೆ ನನ್ನ ಹೆಸ್ರು ಬರ್ಲಿಲ್ವಲ್ಲ ಬುದ್ಧಿ."

ಯಾವ ಪಾಲಿಸಿಯಲ್ಲೂ ಅವನ ಹೆಸರು ಇರುವುದಿಲ್ಲ ಎಂದು ಹೇಳುವ ಬದಲು, ಮೇಷ್ಟ್ರು ಅಡವಯ್ಯನಿಂದ ಪೆನ್ನು ಇಸಿದುಕೊಂಡು, ಮರಕ್ಕೆ ಹಾಳೆ ಒತ್ತಿ ಹಿಡಿದು, ಕೊನೆಯಲ್ಲಿ ಬರೆದು ಗಟ್ಟಿಯಾಗಿ ಓದಿದರು: "ಈ ಮಿಲ್ಲಿನ ಬೆಂಕಿಗೆ ಕಾವಲುಗಾರ ತಿಮ್ಮರಾಯಪ್ಪ ಕಾರಣನಲ್ಲ. ಹಾಗೆ ಹೇಳಿಸಿದ್ದು ನಮ್ಮ ತಪ್ಪು."

ಹಿಂದಿನಿಂದ, ಕೊಡ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ ಹನುಮಕ್ಕ, "ಇನ್ನೊಂದು ಕಿತ ಓದ್ರಿ ಮೇಷ್ಟ್ರೇ, ಬಾವಿ ತಾವಿರೋರ್ಗೆ ಕೇಳಿಸ್ನಿಲ್ಲ" ಅಂದಳು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಬಾವಿಯ ಕಡೆ ತಿರುಗಿ, ಮತ್ತೆ ಮೊದಲಿನಿಂದ ಓದಿದರು.