ತೊಂದರೆ ಇಲ್ಲದಿದ್ದರೆ

ನಮ್ಮವರು ಸೊಂಟ ಮುರಿದುಕೊಂಡಾಗಿನಿಂದ ಮಹಡಿಯ ಮೆಟ್ಟಿಲು ತಾವಾಗಿ ಇಳಿದಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿಸಬೇಕು. ಬಸ್ಸಿನಲ್ಲಿ ನೂರಾರು ಜನರನ್ನು ಹತ್ತಿಸಿ ಇಳಿಸಿದ ಕಂಡಕ್ಟರು ಅವರು. ಕಳೆದ ಸಲ ಮೇಲೆ ಬಂದವರೇ, "ಇನ್ನು ನಾನು ಇಳಿಯೋದು ಒಂದೇ ಸಲ, ನಾಲ್ಕು ಜನದ ಹೆಗಲ ಮೇಲೆ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಕೆಳಗಿನ ಮನೆ ನಮ್ಮದೇ. ಅಲ್ಲಿ ಬಾಡಿಗೆಗಿರುವವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ, ಹಿಂದಿನದರಲ್ಲಿ ಸಂಸಾರ. ಬಾಡಿಗೆ ಒಂದು ದಿನ ತಡ ಮಾಡಿದವಳಲ್ಲ. ಅಂಥವಳಿಗೆ ಮನೆ ಬಿಡು ಎನ್ನಲು ಬಾಯಿ ಬರಬೇಕಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಫೋನಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಇಷ್ಟು:

"ನಮಸ್ಕಾರ. ಕೆಳಗಿನ ಮನೆ ನಮಗೆ ಬೇಕಾಗಿದೆ. ನಿಮಗೆ ತೊಂದರೆ ಇಲ್ಲದಿದ್ದರೆ ಬೇರೆ ಕಡೆ ನೋಡಬಹುದಾ? ಅವಸರವಿಲ್ಲ, ನಿಧಾನವಾಗಿ ಯೋಚಿಸಿ ತಿಳಿಸಿ."

ವಾರವಾದ ಮೇಲೆ ಉತ್ತರ ಬಂತು. "ಯೋಚನೆ ಮಾಡಿದೆ ಅಕ್ಕ. ತೊಂದರೆ ಇದೆ."

ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾಳೆ, ತಪ್ಪೇನು? ಬುದ್ಧಿ ಇಲ್ಲದವಳು ನಾನು. ಸುಸ್ತಾಗಿ ಅಲ್ಲೇ ಕೂತುಬಿಟ್ಟೆ. ಆಮೇಲೆ ಇನ್ನೊಂದು ಬರೆದೆ, ಈ ಸಲ ಎಲ್ಲವನ್ನೂ ಹೇಳಿ:

"ಯಜಮಾನರು ಮೆಟ್ಟಿಲು ಹತ್ತಿ ಇಳಿಯಲಾರರು, ಅದಕ್ಕೇ ಮನೆ ಬೇಕು. ಕರಾರಿನಲ್ಲಿ ಎರಡು ತಿಂಗಳು ಮೊದಲು ಹೇಳಬೇಕು ಎಂದಿದೆ. ನಾನು ನಾಲ್ಕು ತಿಂಗಳು ಕೊಡುತ್ತೇನೆ. ಅಲ್ಲಿವರೆಗೆ ಬಾಡಿಗೆ ಇದೇ. ಬೇರೆ ಮನೆ ಸಿಕ್ಕಿದ ತಕ್ಷಣ ಹೇಳಿ, ಅಲ್ಲಿಗೆ ಕಟ್ಟಲು ಅಡ್ವಾನ್ಸಿನಲ್ಲಿ ಅರ್ಧ ಮೊದಲೇ ಕೊಡುತ್ತೇನೆ, ಉಳಿದದ್ದು ಬೀಗದ ಕೈ ಕೊಟ್ಟ ದಿನ. ಏನಾದರೂ ಹೇಳುವುದಿದ್ದರೆ ಈ ತಿಂಗಳೊಳಗೆ ಹೇಳಿ."

ಅವಳು ಉತ್ತರ ಬರೆಯಲಿಲ್ಲ. ಕುತ್ತಿಗೆಗೆ ಅಳತೆಯ ಟೇಪು ನೇತುಹಾಕಿಕೊಂಡೇ ಮೇಲೆ ಬಂದಳು. ಬಾಗಿಲಲ್ಲೇ ನಿಂತಳು.

"ಇದನ್ನ ಮೊದಲೇ ಹೇಳೋಕೇನಾಗಿತ್ತು ಅಕ್ಕ?"

"ನಿನಗೆ ಬೇಜಾರಾಗುತ್ತೆ ಅಂತ..."

"ಈಗ ಆಗ್ಲಿಲ್ವಾ? ರಸ್ತೆ ಪಕ್ಕ ಬೋರ್ಡ್ ಹಾಕಿ ಗಿರಾಕಿ ಹಿಡ್ದಿದೀನಿ. ಇನ್ನೊಂದು ಕಡೆ ಮೊದಲಿಂದ ಶುರು ಮಾಡ್ಬೇಕು. ಸುಮ್ನೆ ಒಂದು ವಾರ ಹಾಳಾಯ್ತು, ಅಷ್ಟರಲ್ಲಿ ನಾಲ್ಕು ಮನೆ ನೋಡ್ತಿದ್ದೆ." ಅವಳು ಕುತ್ತಿಗೆಯ ಟೇಪು ಎಳೆದು ಕೈಗೆ ಸುತ್ತಿಕೊಂಡಳು. "ನನ್ನ ಮನೆ ಬಿಡಿಸಿ ನನ್ನ ಹತ್ರಾನೇ ಒಳ್ಳೆಯವರು ಅನ್ನಿಸ್ಕೋಬೇಕು ಅಂದ್ರೆ ಹೇಗೆ ಅಕ್ಕ? ಬಿಡು ಅಂತ ಬಾಯ್ಬಿಟ್ಟು ಹೇಳಿ. ಬೈಕೊಂಡು ಮನೆ ಬಿಡ್ತೀನಿ."

ನನಗೆ ನಾಚಿಕೆಯಾಯಿತು. ಅವಳ ಮುಖ ನೋಡಿಯೇ ಹೇಳಿದೆ: "ಮನೆ ಬಿಡಮ್ಮ."

ಬೈದಳು. ಮೆಟ್ಟಿಲು ಮುಗಿಯುವವರೆಗೂ ಬೈದಳು. ಬಾಗಿಲು ಹಾಕಿಕೊಂಡು ಒಳಗೆ ಬಂದೆ.

ನಮ್ಮವರು ಗೋಡೆ ಕಡೆಯಿಂದ ಇತ್ತ ತಿರುಗಿದ್ದರು. "ಏನಂದ್ಲು?"

"ಚೆನ್ನಾಗಿ ಬೈದ್ಲು."

ಅವರು ಹಾಸಿಗೆಯ ಅಂಚು ಹಿಡಿದು ಎದ್ದು ಕೂರಲು ನೋಡಿದರು. "ಹಾಗಾದ್ರೆ ಬಿಡ್ತಾಳೆ" ಎಂದರು.