ಒಂದು ಕ್ಯಾಪ್ಸೂಲಿನೊಳಗೆ ಮೂರು

ಶುಕ್ರವಾರ ಮಧ್ಯಾಹ್ನ ವನಜ ಅತ್ತೆಯ ಮಾತ್ರೆಗಳ ಡಬ್ಬಿಯನ್ನು ಚಾಪೆಯ ಮೇಲೆ ಕವುಚಿ ಹಾಕಿದಳು. ಪಕ್ಕದಲ್ಲಿ ಸರ್ಜನ್ ಅಜಿತ್ ಬರೆದುಕೊಟ್ಟ ಚೀಟಿ ಇಟ್ಟುಕೊಂಡು ಒಂದೊಂದನ್ನೇ ಎತ್ತಿ ನೋಡತೊಡಗಿದಳು. ಚೀಟಿಯಲ್ಲಿದ್ದದ್ದು ಎರಡೇ ಸಾಲು. ಕ್ಲೋಪಿಡೋಗ್ರೆಲ್ ಆಪರೇಶನ್ನಿಗೆ ಐದು ದಿನ ಮೊದಲು ನಿಲ್ಲಿಸುವುದು. ಆಸ್ಪಿರಿನ್ ಮುಂದುವರಿಸುವುದು.

ಡಬ್ಬಿಯಲ್ಲಿ ಆಸ್ಪಿರಿನ್ ಎಂಬ ಹೆಸರಿನದು ಇರಲೇ ಇಲ್ಲ.

ಅತ್ತೆ ಸುಂದರಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಗುಲ್ವಾಡಿಯಿಂದ ವಂಡ್ಸೆವರೆಗೆ ಮನೆಮನೆಗೆ ಮಾರಿದವಳು. ಹೊಕ್ಕುಳಿನ ಮೇಲೆ ಎದ್ದ ಹರ್ನಿಯಾ ಈಗ ನಿಂಬೆಹಣ್ಣಿನಷ್ಟಾಗಿತ್ತು. ಬರುವ ಗುರುವಾರ ಬೆಳಿಗ್ಗೆ ಎಂಟಕ್ಕೆ ಕುಂದಾಪುರದ ಆಸ್ಪತ್ರೆಯಲ್ಲಿ ಆಪರೇಶನ್. ಆದರೆ ಎರಡು ವರ್ಷದ ಹಿಂದೆ ಅವಳ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅಂದು ಮಣಿಪಾಲದ ಹಾರ್ಟ್ ಡಾಕ್ಟರು ವನಜಳನ್ನೇ ಕರೆದು, ಯಾರು ಏನೇ ಹೇಳಲಿ, ರಕ್ತ ತೆಳು ಮಾಡುವ ಈ ಮದ್ದನ್ನು ಒಂದು ದಿನವೂ ತಪ್ಪಿಸಬಾರದು, ತಪ್ಪಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟೀತು ಎಂದಿದ್ದರು. ಈಗ ಸರ್ಜನ್ ಬಿಡಿ ಎನ್ನುತ್ತಾರೆ. ಬಿಡದಿದ್ದರೆ ಕೊಯ್ದಲ್ಲಿ ರಕ್ತ ನಿಲ್ಲುವುದು ಕಷ್ಟವಂತೆ. ಬಿಟ್ಟರೆ ಎದೆ, ಬಿಡದಿದ್ದರೆ ಹೊಟ್ಟೆ. ವನಜಳಿಗೆ ಎರಡೂ ಸರಿ ಎನಿಸಿತು. ಎರಡೂ ತಪ್ಪು ಎಂದೂ ಎನಿಸಿತು.

"ಎಂತ ಮಾರಾಯ್ತಿ, ಮಾತ್ರೆ ಎಲ್ಲ ಮೀನಿನ ಹಾಂಗೆ ರಾಶಿ ಹಾಕ್ಕಂಡ್ ಕೂತಿದ್ದೆ? ಮಾರೂಕೆ ಹೋತ್ಯಾ?" ಬಾಗಿಲಲ್ಲಿ ಕೂತಿದ್ದ ಸುಂದರಿ ನಕ್ಕಳು.

"ಅತ್ತೆ, ಆಸ್ಪತ್ರೆ ನರ್ಸ್ ಅಕ್ಷಿತಾ ನಿಮ್ಗೆ ಎಂತ ಹೇಳಿದ್ಳ್?"

"ರಕ್ತ ತೆಳು ಮಾಡು ಕ್ಯಾಪ್ಸೂಲ್ ನಾಳೆಯಿಂದ ಬ್ಯಾಡ ಅಂದ್ಳ್. ಒಂದನ್ನ್ ಎಂತಕೆ? ನಾ ಎಲ್ಲಾನೂ ಬಿಡ್ತೆ. ಉಪಾಸ ಅಂದ್ರೆ ಪೂರ್ತಿ ಉಪಾಸ."

ಸಂಕಷ್ಟಿಯ ಉಪವಾಸದ ದಿನ ಸುಂದರಿ ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಊಟವಾದ ಮೇಲೆ ತೆಗೆದುಕೊಳ್ಳಿ ಎಂದು ಚೀಟಿಯಲ್ಲಿ ಬರೆದಿದ್ದನ್ನು ಅವಳು ಊಟವಿಲ್ಲದ ದಿನ ಮಾತ್ರೆಯೂ ಇಲ್ಲ ಎಂದೇ ತಿಳಿದಿದ್ದಳು.

ಗಂಡ ಶೈಲೇಶ್‌ನನ್ನು ಕೇಳೋಣವೆಂದರೆ ಅವನ ಬೋಟು ಆಳಸಮುದ್ರಕ್ಕೆ ಹೋಗಿ ಆರು ದಿನ. ಫೋನು ಸಿಗದು. ನಾದಿನಿ ರಾಜೀವಿ ಬೈಂದೂರಿನಿಂದ ಫೋನಿನಲ್ಲಿ ಕೂಗಿದಳು. "ಸರ್ಜನ್ ಹೇಳ್ದ ಮೇಲೆ ಮುಗ್ದೋಯ್ತ್! ನೀ ಎಂತ ಡಾಕ್ಟ್ರಾ?" ಅಲ್ಲ ಎಂದು ವನಜಳಿಗೆ ಗೊತ್ತಿತ್ತು. ಅದೇ ತೊಂದರೆಯಾಗಿತ್ತು.

ರಾತ್ರಿ ಊಟದ ನಂತರ ಆ ಕ್ಯಾಪ್ಸೂಲ್ ಕೊಡಬೇಕು. ನಾಳೆಯಿಂದ ಏನೆಂದು ಅಷ್ಟರೊಳಗೆ ತಿಳಿಯಬೇಕು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಕುಂದಾಪುರದ ಬಸ್ಸು ಹತ್ತಿದಳು.

ಉಮಾನಾಥನ ಮೆಡಿಕಲ್ ಅಂಗಡಿಯಲ್ಲೇ ಸುಂದರಿಯ ಮಾತ್ರೆಗಳೆಲ್ಲ ಬರುತ್ತಿದ್ದವು. ಅವಳು ಹತ್ತು ದಿನಕ್ಕೆ ಬೇಕಾದಷ್ಟನ್ನೇ ಕೊಳ್ಳುವವಳು. ಹಾಗಾಗಿ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುವುದು ರೂಢಿ. ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುತ್ತಿತ್ತು.

"ಹ್ವಾಯ್ ಉಮಾನಾಥಣ್ಣ, ಇದ್ರಲ್ಲಿ ಆಸ್ಪಿರಿನ್ ಯಾವ್ದ್?"

ಉಮಾನಾಥ ಕನ್ನಡಕ ಏರಿಸಿ ಚೀಟಿ ಓದಿದ. ಕ್ಯಾಪ್ಸೂಲ್ ಎತ್ತಿ ಹಿಡಿದ. ಕಪಾಟಿನಿಂದ ಇಡೀ ಪಟ್ಟಿ ತೆಗೆದು ಅದರ ಬೆನ್ನು ತೋರಿಸಿದ.

"ಇದ್ರೊಳ್ಗೇ ಇತ್ತ್. ಇದ್ ಒಂದ್ ಅಲ್ಲ ಮಾರಾಯ್ತಿ, ಮೂರ್. ಕ್ಲೋಪಿಡೋಗ್ರೆಲ್, ಆಸ್ಪಿರಿನ್, ಮತ್ತೆ ಕೊಲೆಸ್ಟ್ರಾಲ್ ಮದ್ದ್."

"ಹಾಂಗಾರೆ ನಿಲ್ಸ್ಕಾ, ಕೊಡ್ಕಾ?"

"ನಿಲ್ಸಿರೆ ಮೂರೂ ನಿಲ್ತ್. ಕೊಟ್ರೆ ಮೂರೂ ಹೋತ್."

ವನಜ ಚೀಟಿಯನ್ನು ಮತ್ತೊಮ್ಮೆ ಓದಿದಳು. ಚೀಟಿಯೂ ಸರಿ. ಅಕ್ಷಿತಾ ಹೇಳಿದ್ದೂ ಸರಿ. ಆದರೂ ಅವರಿಬ್ಬರ ಮಾತು ಕೇಳಿದ್ದರೆ ನಾಳೆಯಿಂದ ಅತ್ತೆಯ ಸ್ಟೆಂಟಿಗೆ ಕಾವಲೇ ಇರುತ್ತಿರಲಿಲ್ಲ.

"ಡಾಕ್ಟ್ರಿಗೆ ಗೊತ್ತಿಲ್ಯಾ?"

"ಅವ್ರ್ ಕಂಡದ್ ಹಳೇ ಫೈಲ್ ಇರ್ಕ್. ಅದ್ರಲ್ಲಿ ಬೇರೆ ಬೇರೆ ಮಾತ್ರೆ ಬರ್ದಿತ್ತ್. ನುಂಗೂಕೆ ಸುಲಭ ಆಯ್ಲಿ ಅಂದ್ ಹೋದ ವರ್ಷ ಮಣಿಪಾಲದಲ್ಲಿ ಒಂದೇ ಮಾಡ್ಕೊಟ್ರ್, ನೆನಪಿತ್ತಾ? ಅದ್ ಇವ್ರಿಗೆ ಯಾರ್ ಹೇಳಿರ್?"

ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ತಾನೇ ಇರಬಹುದು ಎಂದುಕೊಂಡಳು ವನಜ.

"ನೀವೇ ಹೇಳಿ ಅಣ್ಣ, ನಾ ಹಾಂಗೇ ಮಾಡ್ತೆ."

"ನಾ ಹೇಳೂಕಾಗ. ಡಾಕ್ಟ್ರ್ ಒಂದ್, ನಾ ಒಂದ್ ಹೇಳಿರೆ ನಿಮ್ಮತ್ತೆ ನಡೂಕೆ ಸಿಕ್ತ್. ಕೂಕೊ."

ಉಮಾನಾಥ ಫೋನು ಮಾಡಿದಾಗ ಅಜಿತ್ ಆಪರೇಶನ್ ಥಿಯೇಟರಿನಲ್ಲಿದ್ದರು. ಅವರಿಗೆ ಪಟ್ಟಿಯ ಬೆನ್ನಿನ ಫೋಟೊ ಕಳಿಸಿದ. ವನಜ ಬೆಂಚಿನ ಮೇಲೆ ಕೂತಳು. ಜನ ಬಂದರು, ಕೆಮ್ಮಿನ ಔಷಧಿ ಕೊಂಡರು, ಹೋದರು. ಆರು ಗಂಟೆಗೆ ಫೋನು ಬಂತು. ಉಮಾನಾಥ ಡಬ್ಬಿಯಲ್ಲಿದ್ದುದನ್ನು ಒಂದೊಂದಾಗಿ ಓದಿ ಹೇಳಿದ. ಅಜಿತ್, ಮಣಿಪಾಲದ ಹಾರ್ಟ್ ಡಾಕ್ಟರ ಹತ್ತಿರ ಮಾತಾಡಿ ಹೇಳುತ್ತೇನೆ ಎಂದು ಇಟ್ಟರು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಕರೆ ಬಂತು. ಉಮಾನಾಥ ಬಿಳಿ ಹಾಳೆ ಎಳೆದುಕೊಂಡು ಅವರು ಹೇಳಿದಂತೆ ಬರೆದು, ಬರೆದದ್ದನ್ನು ಅವರಿಗೇ ಓದಿ ಹೇಳಿದ.

ಕ್ಯಾಪ್ಸೂಲ್ ಇಂದು ರಾತ್ರಿ ಕೊನೆ. ಶನಿವಾರದಿಂದ ಅದರ ಬದಲು ಆಸ್ಪಿರಿನ್ ಒಂದೇ, ಕೊಲೆಸ್ಟ್ರಾಲ್ ಮಾತ್ರೆ ಒಂದೇ, ದಿನಾ. ಬೀಪಿಯ ಮೆಟೊಪ್ರೊಲಾಲ್ ಒಂದು ದಿನವೂ ಬಿಡಬಾರದು, ಆಪರೇಶನ್ ದಿನ ಬೆಳಿಗ್ಗೆಯೂ ಎರಡು ಗುಟುಕು ನೀರಿನಲ್ಲಿ. ಒಮ್ಮೆಲೇ ಬಿಟ್ಟರೆ ಹೃದಯದ ಬಡಿತ ಏರೀತು. ಅಂದು ಬೆಳಿಗ್ಗೆ ಊಟವಿಲ್ಲದ ಕಾರಣ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬೇಡ. ಕ್ಯಾಪ್ಸೂಲ್ ಮತ್ತೆ ಶುರು: ಈ ಸಾಲಿನ ಮುಂದೆ ಖಾಲಿ ಬಿಟ್ಟ.

"ಇದ್ ಎಂತಕೆ ಖಾಲಿ?"

"ಗಾಯ ಕಂಡ್ ಅವ್ರೇ ಹೇಳ್ಕ್. ಹೇಳ್ದೆ ನೀ ಕೊಡೂಕಾಗ."

ಗುರುವಾರ ಬೆಳಿಗ್ಗೆ ಆರಕ್ಕೆ ವಾರ್ಡಿನಲ್ಲಿ ವನಜ ಬೀಪಿ ಮಾತ್ರೆಯನ್ನು ಅಂಗೈಯಲ್ಲಿಟ್ಟು ನೀಡಿದಳು. ಸುಂದರಿ ತುಟಿ ಬಿಗಿದಳು.

"ಬಾಯಿಗೆ ನೀರೂ ಹಾಕೂಕಾಗ ಅಂತ ಗೋಡೆ ಮೇಲೇ ಬರ್ದಿತ್ತ್. ನೀ ನನ್ನ್ ಕೊಲ್ತ್ಯಾ ಹೆಣ್ಣೆ?"

ಗೋಡೆಯ ಮೇಲೆ ನಿಜವಾಗಿಯೂ ಹಾಗೇ ಇತ್ತು. ವನಜಳ ಕೈ ತಡೆಯಿತು. ಹಾಳೆ ಒಂದು ಹೇಳುತ್ತದೆ, ಗೋಡೆ ಒಂದು ಹೇಳುತ್ತದೆ. ಅಕ್ಷಿತಾ ಬಂದು ಹಾಳೆ ಓದಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಆಮೇಲೆ ತಾನೇ ಲೋಟಕ್ಕೆ ಎರಡು ಗುಟುಕು ನೀರು ಬಗ್ಗಿಸಿದಳು.

"ನುಂಗಿ ಸುಂದರಕ್ಕ. ನಿಮ್ ಡಾಕ್ಟ್ರೇ ಹೇಳಿದ್ದ್."

"ಎರಡ್ ಗುಟುಕಾ? ಬಂಗುಡೆ ಮೀನಿನ ಬಾಯಿಗೂ ಸಾಲ." ಗೊಣಗುತ್ತಲೇ ಸುಂದರಿ ನುಂಗಿದಳು.

ಹತ್ತೂವರೆಗೆ ಅವಳನ್ನು ಹೊರಗೆ ತಂದರು. ಎಚ್ಚರಾದದ್ದೇ ಚಹಾ ಕೇಳಿದಳು. ಸಿಗಲಿಲ್ಲ, ಬೈದಳು. ಬೈಗುಳ ಕೇಳಿ ವನಜ ಕಿಟಕಿಯ ಕಡೆ ತಿರುಗಿ ನಿಂತಳು.

ಅಂದು ರಾತ್ರಿ ಪಾಳಿಯ ಹೊಸ ನರ್ಸ್ ಚೀಲದಲ್ಲಿದ್ದ ಹಳೆಯ ಕ್ಯಾಪ್ಸೂಲ್ ನೋಡಿ, "ಆಪರೇಶನ್ ಆಯ್ತಲ್ದಾ, ಇನ್ನ್ ಮೊದ್ಲಿನ ಹಾಂಗೇ ಕೊಡಿ" ಎಂದಳು. ವನಜ ಕ್ಯಾಪ್ಸೂಲ್ ತೆಗೆದುಕೊಂಡು ಮುಷ್ಟಿ ಮುಚ್ಚಿದಳು. ಕೊಡಲಿಲ್ಲ. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಅಷ್ಟನ್ನೇ ಕೊಟ್ಟಳು. ಸರಿಯೋ ತಪ್ಪೋ ತಿಳಿಯದೆ ಬೆಳಗಿನವರೆಗೆ ಕೂತಿದ್ದಳು.

ಶುಕ್ರವಾರ ಅಜಿತ್ ಗಾಯದ ಬಟ್ಟೆ ಬಿಚ್ಚಿ ನೋಡಿದರು. ರಕ್ತ ಒಸರಿರಲಿಲ್ಲ. ವನಜ ಮಡಿಕೆ ಮಡಿಕೆಯಾಗಿದ್ದ ಹಾಳೆಯನ್ನು ಬಿಡಿಸಿ ಹಿಡಿದಳು. ಅವರು ಪೆನ್ನು ತೆಗೆದು ಖಾಲಿ ಜಾಗದಲ್ಲಿ 'ಶನಿವಾರ ರಾತ್ರಿ' ಎಂದು ಬರೆದು ಹೊರಟರು.

"ಡಾಕ್ಟ್ರೆ," ಎಂದಳು ವನಜ. ಸ್ವರ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕರೆದಳು. "ಡಾಕ್ಟ್ರೆ. ಕ್ಯಾಪ್ಸೂಲ್ ಶುರು ಮಾಡ್ದ ದಿನ ಈ ಬಿಡಿ ಆಸ್ಪಿರಿನ್ ನಿಲ್ಸ್ಕ್ ಅಲ್ದಾ? ಇಲ್ದಿರೆ ಎರಡ್ ಆತ್ತಲೆ?"

ಅಜಿತ್ ಬಾಗಿಲಿನಿಂದ ಹಿಂದೆ ಬಂದರು. ಹಾಳೆ ಇಸಿದುಕೊಂಡು ಇನ್ನೊಂದು ಸಾಲು ಬರೆದರು. ಬಿಡಿಯಾಗಿ ಕೊಡುತ್ತಿದ್ದ ಎರಡೂ ಮಾತ್ರೆ ಶನಿವಾರ ರಾತ್ರಿಯಿಂದ ಬೇಡ. ಉಮಾನಾಥನಿಗೂ ಅದರ ಫೋಟೊ ಕಳಿಸಿದರು.