ಮಾನ್ವಿಯ ಹದಿನೇಳೂವರೆ ನಿಮಿಷ

ದೇವದುರ್ಗದ ಹೈಸ್ಕೂಲಿನ ಪಿ.ಟಿ. ಮಾಸ್ತರ ಅಂಬಣ್ಣನಿಗೆ ಎರಡು ಹುಚ್ಚು ಇದ್ದವು. ಒಂದು ಓಟದ್ದು, ಇನ್ನೊಂದು ಶೇಕಡಾವಾರು ಲೆಕ್ಕದ್ದು. ಓಟದ ಹುಚ್ಚನ್ನು ಊರು ಹೇಗೋ ಸಹಿಸಿಕೊಂಡಿತ್ತು. ಎಂಬತ್ತಮೂರರ ಬೇಸಿಗೆಯಲ್ಲಿ ಪಂಜಾಬಿನ ತರಬೇತಿ ಶಿಬಿರಕ್ಕೆ ಹೋಗಿ ಬಂದ ಮೇಲೆ ಲೆಕ್ಕದ ಹುಚ್ಚೂ ತಲೆಗೇರಿತು ನೋಡಿ, ಸ್ಟಾಫ್ ರೂಮಿನಲ್ಲಿ ಅವನ ಪಕ್ಕ ಕೂತು ಚಹಾ ಕುಡಿಯುವುದಕ್ಕೂ ಜನ ಹಿಂದೆಮುಂದೆ ನೋಡತೊಡಗಿದರು. ಯಾರು ಸಿಕ್ಕರೂ ಅದೇ ಪುರಾಣ.

ಪುರಾಣ ಇಷ್ಟೇ. ಓಟಗಾರನ ಇತ್ತೀಚಿನ ಒಂದು ಸ್ಪರ್ಧೆಯ ಫಲಿತಾಂಶ ತೆಗೆದುಕೊಳ್ಳಬೇಕು. ಐದು ಸಾವಿರ ಮೀಟರ್ ಓಡಿದ್ದರೆ ಅದರ ಸಮಯವನ್ನು ಐದರಿಂದ ಭಾಗಿಸಬೇಕು, ಕಿಲೋಮೀಟರಿಗೆ ಇಷ್ಟು ಹೊತ್ತು ಎಂದು ಸಿಗುತ್ತದೆ. ಆ ಹೊತ್ತಿಗೆ ನೂರಕ್ಕೆ ಮೂವತ್ತು ಕೂಡಿಸಿದರೆ ಹಗುರ ಓಟದ ವೇಗ. ವಾರದ ಬಹುಪಾಲು ಓಟ ಇದೇ. ನೂರಕ್ಕೆ ಎಂಟು ಕೂಡಿಸಿದರೆ ಟೆಂಪೋ, ಅಂದರೆ ಬಿಗಿಯಾಗಿ ಹಿಡಿದುಕೊಂಡು ಇಪ್ಪತ್ತು ನಿಮಿಷ ಓಡುವ ವೇಗ. ನೂರಕ್ಕೆ ಎರಡು ಕಳೆದರೆ ಇಂಟರ್ವಲ್, ನಡುವೆ ದಣಿವಾರಿಸಿಕೊಳ್ಳುತ್ತ ತುಂಡು ತುಂಡಾಗಿ ಜೋರು ಓಡುವುದು. ಕೂಡಿಸಿದರೆ ವೇಗ ಕಮ್ಮಿಯಾಗುತ್ತದೆ, ಕಳೆದರೆ ಹೆಚ್ಚಾಗುತ್ತದೆ ಎನ್ನುವುದು ಹೆಡ್ ಮಾಸ್ತರರ ತಲೆಗೆ ಕೊನೆಯವರೆಗೂ ಹೋಗಲಿಲ್ಲ. ಹೊತ್ತಿನ ಲೆಕ್ಕ ಸರ, ಹೊತ್ತು ಹೆಚ್ಚಾದರೆ ಓಟ ನಿಧಾನ ಎಂದು ಹೇಳಿ ಹೇಳಿ ಅಂಬಣ್ಣನ ಬಾಯಿ ಒಣಗಿತು.

ಈ ಲೆಕ್ಕಕ್ಕೆ ಅವನಿಗೆ ಸಿಕ್ಕ ಹುಡುಗ ಗಬ್ಬೂರಿನ ಕನಕರಾಯ. ಕುರಿ ಕಾಯುವ ಮನೆತನ, ಹತ್ತೊಂಬತ್ತು ವರ್ಷ, ಕೊಕ್ಕರೆಯಂಥ ಕಾಲು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರು. ತಾಯಿ ಬೂದೆಮ್ಮ ಮಗನನ್ನು ಕರೆದುಕೊಂಡು ಮಾನ್ವಿಯಲ್ಲಿದ್ದ ತಮ್ಮ ಮೌನಪ್ಪನ ಮನೆಗೆ ಹೋಗಿದ್ದಳು. ಹುಡುಗ ಬೆಳೆದದ್ದು ಆ ಸೋದರಮಾವನ ಕೈಯಲ್ಲೇ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಮೌನಪ್ಪನೂ ಓಟಗಾರ. ಅಳಿಯನ ಕಾಲಿಗೆ ಓಟ ಹತ್ತಿಸಿದವನೂ ಅವನೇ. ಮೀಸೆ ಮೂಡುವ ಹೊತ್ತಿಗೆ ತಾಯಿ ಮಗ ಗಬ್ಬೂರಿಗೆ ವಾಪಸಾಗಿ ಸ್ವಂತ ಕುರಿ ಮಾಡಿಕೊಂಡಿದ್ದರು.

ಆ ವರ್ಷ ಕನಕರಾಯನ ಮುಂದೆ ಒಂದೇ ಬಾಗಿಲು ತೆರೆದಿತ್ತು. ರಾಯಚೂರಿನ ಜಿಲ್ಲಾ ಆಯ್ಕೆಯ ಐದು ಸಾವಿರ ಮೀಟರಿನಲ್ಲಿ ಮೊದಲು ಬರಬೇಕು, ಅದೂ ಹದಿನಾರೂವರೆ ನಿಮಿಷದೊಳಗೆ. ಬಂದರೆ ರಾಜ್ಯ ಕೂಟ. ರಾಜ್ಯ ಕೂಟಕ್ಕೆ ಹೋದವನಿಗೆ ಪೊಲೀಸ್ ಪೇದೆಯ ಕೆಲಸದಲ್ಲಿ ಕ್ರೀಡಾ ಕೋಟಾ. ಮೊದಲು ಬಂದೂ ಹೊತ್ತು ಮೀರಿದರೆ ಜಿಲ್ಲೆಯಿಂದ ಯಾರನ್ನೂ ಕಳಿಸುವುದಿಲ್ಲ ಎಂದು ಸುತ್ತೋಲೆಯಲ್ಲಿ ಬರೆದಿತ್ತು.

ಅಂಬಣ್ಣ ಲೆಕ್ಕಕ್ಕೆ ಹಿಡಿದದ್ದು ಆಗಷ್ಟೇ ಮಾನ್ವಿಯಲ್ಲಿ ನಡೆದ, ಯಾವ ಊರಿನವರು ಬೇಕಾದರೂ ಓಡಬಹುದಾದ ಐದು ಸಾವಿರ ಮೀಟರಿನ ಓಟವನ್ನು. ಅಲ್ಲಿ ಮೌನಪ್ಪ ಮೊದಲು, ಕನಕರಾಯ ಒಂದು ಹೆಜ್ಜೆ ಹಿಂದೆ. ಇಬ್ಬರಿಗೂ ಗಡಿಯಾರ ತೋರಿಸಿದ್ದು ಹದಿನೇಳೂವರೆ ನಿಮಿಷ. ಕಿಲೋಮೀಟರಿಗೆ ಮೂರೂವರೆ ನಿಮಿಷವಾಯಿತು. ಹಗುರ ಓಟಕ್ಕೆ ನಾಲ್ಕು ಮೂವತ್ತಮೂರು, ಟೆಂಪೋಕ್ಕೆ ಮೂರು ನಲವತ್ತೇಳು, ಇಂಟರ್ವಲ್‌ಗೆ ಮೂರು ಇಪ್ಪತ್ತಾರು ಎಂದು ಬರೆದು ಕೊಟ್ಟ. ದೇವದುರ್ಗದ ಮೈದಾನದಲ್ಲಿ ನಾನೂರು ಮೀಟರಿನ ತುಂಡುಗಳನ್ನು ಎಂಬತ್ತೆರಡು ಸೆಕೆಂಡಿಗೆ ಓಡಿಸಿದ.

ಹುಡುಗ ಸುಸ್ತಾಗಲಿಲ್ಲ. ತುಂಡು ಮುಗಿಸಿ ಬಂದು ಗೆರೆಯ ಮೇಲೆ ಮೂಗಿನಿಂದಲೇ ಉಸಿರಾಡುತ್ತ ನಿಲ್ಲುತ್ತಿದ್ದ. ಆಟಾ ಆಡಾಕತ್ತೀಯೇನಲೇ ಎಂದು ಅಂಬಣ್ಣ ಬೈದ. ಇಲ್ರಿ ಸರ, ನೀವು ಹೇಳಿದಷ್ಟೇ ಓಡಾಕತ್ತೀನಿ ಎಂದು ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ವಾಚು ಹುಡುಗನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು.

ಶೇಕಡಾವಾರು ಪಂಜಾಬಿನವರದ್ದು, ನಮ್ಮ ಎರೆಮಣ್ಣಿಗೆ ಒಗ್ಗುತ್ತಿಲ್ಲವೇನೋ ಎನಿಸಿತು ಅಂಬಣ್ಣನಿಗೆ. ಟೆಂಪೋದ ಎಂಟನ್ನು ನಾಲ್ಕಕ್ಕೆ ಇಳಿಸಿದ. ಕಿಲೋಮೀಟರಿಗೆ ಮೂರು ಮೂವತ್ತೆಂಟು. ಗಬ್ಬೂರು ರಸ್ತೆಯ ಕಿಲೋಮೀಟರ್ ಕಲ್ಲುಗಳ ಹತ್ತಿರ ಹೊತ್ತು ನೋಡುತ್ತ, ಸೈಕಲ್ ಮೇಲೆ ಪಕ್ಕದಲ್ಲೇ ಹೊರಟ. ಎರಡನೆಯ ಕಲ್ಲು ದಾಟಿದ ಮೇಲೆ ಕನಕರಾಯ ಮಾತು ಶುರುವಿಟ್ಟುಕೊಂಡ. ಮನೆಯ ಟಗರೊಂದು ಪಕ್ಕದವರ ಹಿತ್ತಲಿಗೆ ನುಗ್ಗಿದ್ದು, ಅವರು ಜಗಳಕ್ಕೆ ಬಂದದ್ದು, ಬೂದೆಮ್ಮ ತಿರುಗಿ ಬೈದದ್ದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳುತ್ತ ಮೂರನೆಯ ಕಲ್ಲಿಗೆ ಬಂದ. ಹೊತ್ತು ಸರಿಯಾಗಿ ಮೂರು ಮೂವತ್ತೆಂಟು. ಟೆಂಪೋದಲ್ಲಿ ಓಡುವವನಿಗೆ ಮೂರು ನಾಲ್ಕು ಪದ ಬಾಯಿಂದ ಬಂದರೆ ಹೆಚ್ಚು. ಇವನು ಇಡೀ ಜಗಳವನ್ನೇ ಹೇಳಿ ಮುಗಿಸಿದ್ದ.

ಅಂಬಣ್ಣ ಸೈಕಲ್ ನಿಲ್ಲಿಸಿದ. ಶೇಕಡಾ ಎಷ್ಟೇ ತಿದ್ದಿದರೂ ಅದು ನಿಲ್ಲುವುದು ಬುಡದಲ್ಲಿರುವ ಮಾನ್ವಿಯ ಸಂಖ್ಯೆಯ ಮೇಲೆ ಎಂಬುದು ಆಗ ಹೊಳೆಯಿತು. ಆ ಸಂಖ್ಯೆಯನ್ನು ಅವನು ಒಮ್ಮೆಯೂ ಅನುಮಾನಿಸಿರಲಿಲ್ಲ. ಹುಡುಗನನ್ನು ನಿಲ್ಲಿಸಿ, ಮಾನ್ವಿಯಲ್ಲಿ ಪೂರಾ ಜೀವ ಹಾಕಿ ಓಡಿದ್ದೆಯಾ ಎಂದು ಕೇಳಿದ.

ಕನಕರಾಯ ಕಾಲ ಕೆಳಗಿನ ಮಣ್ಣು ಕೆದರಿದ.

"ಮಾಂವ ಮುಂದಿದ್ದನಲ್ಲರಿ ಸರ," ಎಂದ. "ಮಾಂವನ್ನ ಹೆಂಗ ದಾಟ್ಲಿ?"

ಅವರ ಮನೆಯಲ್ಲಿ ಅದೇ ರಿವಾಜು. ಹೊಲದ ಬದುವಿನ ಮೇಲೆ ನಡೆದರೂ, ಕುರಿ ಹೊಡೆದುಕೊಂಡು ಹೊರಟರೂ ಸೋದರಮಾವನ ಮುಂದೆ ಅಳಿಯ ಕಾಲಿಡುವ ಹಾಗಿಲ್ಲ. ಬಯಲಿನಲ್ಲಿ ನಡೆಯುವ ರಿವಾಜು ಸುಣ್ಣದ ಗೆರೆಯೊಳಗೂ ನಡೆಯುತ್ತದೆ ಎಂದು ಹುಡುಗ ತಿಳಿದಿದ್ದ. ಅಂಬಣ್ಣನಿಗೆ ಸಿಟ್ಟೂ ಬಂತು, ನಗುವೂ ಬಂತು. ಇತ್ತೀಚಿನ ಫಲಿತಾಂಶ ಎಂದಷ್ಟೇ ತಾನು ಕೇಳಿದ್ದು, ಪೂರಾ ಬಲ ಹಾಕಿದ್ದೋ ಎಂದು ಕೇಳಬೇಕಾದದ್ದು ಅದಕ್ಕೂ ಮೊದಲು ಎಂದು ತನ್ನನ್ನೇ ಬೈದುಕೊಂಡ.

ನಾಲ್ಕು ದಿನ ಹಗುರ ಓಡಿಸಿ, ಕನಕರಾಯನೊಬ್ಬನನ್ನೇ ಮೈದಾನಕ್ಕೆ ಇಳಿಸಿದ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಐದು ಸಾವಿರ ಮೀಟರ್ ಹದಿನಾರು ನಿಮಿಷ ಹದಿನೈದು ಸೆಕೆಂಡಿಗೆ ಮುಗಿಯಿತು. ಮುಗಿಸಿದ ಮೇಲೆ ಮಾತಿರಲಿ, ನೀರು ಬೇಕೆನ್ನಲೂ ಅವನ ಬಾಯಿ ಏಳಲಿಲ್ಲ. ಅಂಬಣ್ಣನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಕಿಲೋಮೀಟರಿಗೆ ಮೂರು ಹದಿನೈದು. ಎಂಟನ್ನು ಮತ್ತೆ ಎಂಟೇ ಮಾಡಿ ಲೆಕ್ಕ ಹಾಕಿದ: ಹಗುರ ಓಟ ನಾಲ್ಕು ಹದಿಮೂರು, ಇಂಟರ್ವಲ್ ಮೂರು ಹನ್ನೊಂದು, ನಾನೂರು ಮೀಟರಿಗೆ ಎಪ್ಪತ್ತಾರು. ಟೆಂಪೋ ಬಂದದ್ದು ಮೂರು ಮೂವತ್ತೊಂದು. ಮಾನ್ವಿಯಲ್ಲಿ ಹುಡುಗ ಓಡಿದ್ದು ಹೆಚ್ಚುಕಮ್ಮಿ ಅದೇ ವೇಗದಲ್ಲಿ. ಮಾವ ಪಂದ್ಯ ಓಡಿದ್ದ, ಅಳಿಯ ಅವನ ಹಿಂದೆ ಟೆಂಪೋ ಓಡಿ ಬಂದಿದ್ದ.

ಹೊಸ ವೇಗಗಳಲ್ಲಿ ತರಬೇತಿ ಚೆನ್ನಾಗಿಯೇ ನಡೆಯಿತು. ಟೆಂಪೋದ ದಿನ ಟಗರಿನ ಕಥೆ ನಿಂತಿತು. ಹೌದ್ರಿ, ಇಲ್ರಿ ಎನ್ನುವಷ್ಟಕ್ಕೇ ಹುಡುಗ ಇಳಿದ. ಆದರೆ ಜಿಲ್ಲಾ ಆಯ್ಕೆಯಲ್ಲಿ ಓಡುವವರ ಪಟ್ಟಿ ಬಂದಾಗ ಅದರಲ್ಲಿ ಮೌನಪ್ಪನ ಹೆಸರೂ ಇತ್ತು. ರಾಯಚೂರಿನಲ್ಲೂ ಮಾವ ಮುಂದೆ ಹೊರಟರೆ ಅಳಿಯ ಮತ್ತೆ ಹದಿನೇಳೂವರೆಗೆ ಬಂದು ನಿಲ್ಲುತ್ತಾನೆ, ಪೇದೆ ಕೆಲಸ ಕೈ ಜಾರುತ್ತದೆ. ದಾಟಿ ಓಡು ಎಂದು ಅಂಬಣ್ಣ ಹುಡುಗನಿಗೆ ಬುದ್ಧಿ ಹೇಳಿದ, ಗದರಿದ, ಕೈಮುಗಿದ. ಹುಡುಗ ನೋಡೋಣ್ರಿ ಎಂದನೇ ಹೊರತು ಹೂಂ ಎನ್ನಲಿಲ್ಲ.

ಬಸ್ಸು ಹತ್ತಿ ಸಿರವಾರದ ಮೇಲೆ ಹಾದು ಅಂಬಣ್ಣ ಮಾನ್ವಿಗೆ ಹೋದ. ಗಿರಣಿಯ ಕಟ್ಟೆಯ ಮೇಲೆ ಕೂತು ಮೌನಪ್ಪನಿಗೆ ಇದ್ದದ್ದು ಇದ್ದಹಾಗೆ ಹೇಳಿದ. ಮೌನಪ್ಪ ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೂವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಗೆದ್ದಿದ್ದ ಮನುಷ್ಯ. ಮಾನ್ವಿಯಲ್ಲಿ ಬಹುಮಾನವಾಗಿ ಸಿಕ್ಕ ಕಪ್ ಮನೆಯಲ್ಲಿ ದೇವರ ಜಗುಲಿಯ ಮೇಲಿತ್ತು.

"ಅಂದ್ರ ನಾ ಗೆದ್ದಿಲ್ಲನ್ರಿ," ಎಂದ.

ಕಪ್ ಯಾರದೋ ತನಗೆ ಗೊತ್ತಿಲ್ಲ, ಆದರೆ ಹದಿನೇಳೂವರೆ ನಿಮಿಷ ಮಾತ್ರ ಯಾರೂ ದಾನ ಕೊಟ್ಟದ್ದಲ್ಲ, ನೀನು ಪೂರಾ ಓಡಿ ದುಡಿದದ್ದು ಎಂದ ಅಂಬಣ್ಣ. ಅಳಿಯನಿಗೆ ಮೊದಲು ಹಾಕಿಕೊಟ್ಟ ವೇಗಗಳೆಲ್ಲ ನಿನಗೆ ಸರಿಯಾಗಿ ಹೊಂದುತ್ತವೆ ಎಂದೂ ಹೇಳಿದ. ಮೌನಪ್ಪ ಸಣ್ಣಗೆ ನಕ್ಕ. ಆಮೇಲೆ, ತಾನು ಆಯ್ಕೆಗೆ ಬರದಿದ್ದರೆ ಹೇಗೆ ಎಂದು ಅವನೇ ಕೇಳಿದ. ಅದನ್ನೇ ಕೇಳಲು ಬಂದಿದ್ದ ಅಂಬಣ್ಣನಿಗೆ ನಾಚಿಕೆಯಾಯಿತು.

ಮೌನಪ್ಪ ಇನ್ನಷ್ಟು ಯೋಚಿಸಿದ. ತಾನು ಬರದಿದ್ದರೆ ಹುಡುಗ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ, ಮಾವ ಮುನಿಸಿಕೊಂಡ ಎಂದು ಓಡುವುದನ್ನೇ ಬಿಟ್ಟಾನು ಎಂದ. ಅಳಿಯನ ಸ್ವಭಾವ ಬಲ್ಲವನು ಹೇಳಿದ ಮಾತು, ಅಂಬಣ್ಣ ತಲೆಯಾಡಿಸಿದ. ಹದಿನಾರು ಹದಿನೈದಕ್ಕೆ ನಾನೂರು ಮೀಟರಿನ ಸುತ್ತು ಎಷ್ಟಕ್ಕೆ ಬೀಳುತ್ತದೆ ಎಂದು ಮೌನಪ್ಪ ವಿಚಾರಿಸಿದ. ಎಪ್ಪತ್ತೆಂಟು ಸೆಕೆಂಡಿಗೆ ಎಂದ ಅಂಬಣ್ಣ. ನಿನ್ನದು ಎಂಬತ್ತನಾಲ್ಕರ ಕಾಲು, ಎಪ್ಪತ್ತೆಂಟರಲ್ಲಿ ಹೊರಟರೆ ಐದು ಸುತ್ತಿಗೆ ಕುಸಿಯುತ್ತೀ ಎಂದೂ ಸೇರಿಸಿದ.

"ಐದು ಸುತ್ತು ಸಾಕ್ರಿ," ಎಂದ ಮೌನಪ್ಪ. "ನನ್ನ ಹಿಂದ ಬರೂದು ಅವನಿಗೆ ರೂಢಿ ಅದ. ಬರ್ಲಿ."

ರಾಯಚೂರಿನ ಮೈದಾನದಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಸೀಟಿ ಊದಿದ ಕೂಡಲೇ ಮೌನಪ್ಪ ಮುಂದೆ ಬಿದ್ದ. ಅಳಿಯ ಒಂದು ಹೆಜ್ಜೆ ಹಿಂದೆ. ಮೊದಲ ಸುತ್ತು ಎಪ್ಪತ್ತೆಂಟು. ಎರಡನೆಯದೂ ಎಪ್ಪತ್ತೆಂಟು. ಉಳಿದ ಓಟಗಾರರು ಆಗಲೇ ಹಿಂದೆ ಬಿದ್ದಿದ್ದರು. ನಾಲ್ಕನೆಯ ಸುತ್ತಿಗೆ ಮೌನಪ್ಪನ ತಲೆ ಒಂದು ಕಡೆ ವಾಲಿತು, ಬಾಯಿ ಪೂರಾ ತೆರೆಯಿತು, ವೇಗ ಮಾತ್ರ ಕೂದಲೆಳೆಯಷ್ಟೂ ಬೀಳಲಿಲ್ಲ. ಹಿಂದೆ ಅಳಿಯನ ಉಸಿರು ಹದವಾಗಿತ್ತು. ಅಂಬಣ್ಣ ಉಗುರು ಕಚ್ಚುತ್ತ ನಿಂತಿದ್ದ.

ಐದನೆಯ ಸುತ್ತು ಮುಗಿದ ಗೆರೆಯ ಮೇಲೆ ಮೌನಪ್ಪ ಪಕ್ಕಕ್ಕೆ ಸರಿದು ಗೆರೆಯಾಚೆ ಹುಲ್ಲಿನ ಮೇಲೆ ಬಿದ್ದ. ಕನಕರಾಯ ಗಕ್ಕನೆ ವೇಗ ತಗ್ಗಿಸಿದ. ಓಡುತ್ತಲೇ ಕತ್ತು ತಿರುಗಿಸಿ ನೋಡಿದ, ಇನ್ನೇನು ನಿಂತೇಬಿಡುತ್ತಾನೆ ಎನ್ನುವ ಹಾಗಿತ್ತು. ಮೌನಪ್ಪನಿಗೆ ಕೂಗಿ ಹೇಳಲು ಉಸಿರಿರಲಿಲ್ಲ. ಬಿದ್ದಲ್ಲಿಂದಲೇ ಕೈ ಎತ್ತಿ, ಕುರಿಯನ್ನು ಮುಂದಕ್ಕೆ ಅಟ್ಟುವ ಹಾಗೆ ಎರಡು ಸಲ ಬೀಸಿದ. ಹುಡುಗ ಮುಂದೆ ನೋಡಿದ. ಮುಂದೆ ಯಾರೂ ಇರಲಿಲ್ಲ.

ಆರನೆಯ ಸುತ್ತು ಎಂಬತ್ತನಾಲ್ಕಾಯಿತು. ಏಳನೆಯದು ಮತ್ತೆ ಎಪ್ಪತ್ತೆಂಟಕ್ಕೆ ಬಂತು, ಅಲ್ಲಿಂದಾಚೆ ಅವನು ಅದನ್ನು ಬಿಡಲಿಲ್ಲ. ಕೊನೆಯ ಗೆರೆ ಮುಟ್ಟಿದಾಗ ಹದಿನಾರು ನಿಮಿಷ ಇಪ್ಪತ್ತೊಂದು ಸೆಕೆಂಡು. ಅಂಬಣ್ಣ ವಾಚನ್ನು ಪಕ್ಕದವರಿಗೂ ತೋರಿಸಿ ಖಾತ್ರಿ ಮಾಡಿಕೊಂಡ.

ಕನಕರಾಯ ಹೆಸರು ಬರೆಸಲಿಕ್ಕೂ ನಿಲ್ಲದೆ ಮೈದಾನ ಅಡ್ಡ ಹಾಯ್ದು ಮಾವನ ಹತ್ತಿರ ಹೋದ. ಮೌನಪ್ಪ ಎದ್ದು, ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿದ್ದ. ಹುಡುಗ ಅವನ ಎದುರು ಕುಕ್ಕರಗಾಲಲ್ಲಿ ಕೂತು ಅಳತೊಡಗಿದ.

"ಮಾಂವಾ, ನಿನ್ನ ದಾಟಿಬಿಟ್ನಿ," ಎಂದ.

"ದಾಟ್ಲಿ ಅಂತನ ಮುಂದ ಓಡಿದ್ನಲೇ," ಎಂದ ಮೌನಪ್ಪ. ಟವೆಲಿನಿಂದ ಅಳಿಯನ ಮುಖ ಒರೆಸಿ, ಆಮೇಲೆ ಅದರಲ್ಲೇ ತನ್ನ ಮುಖವನ್ನೂ ಒರೆಸಿಕೊಂಡ.